ಕುರ್ಚಿಯ ಮೇಲಿನವರ ನಾರ್ಮಲ್

ಸಂಡೂರಿನ ಗುಡ್ಡದ ಮೇಲೆ ಅದಿರು ಗಣಿಯ ಕಂಪನಿಗೊಂದು ಆಸ್ಪತ್ರೆ ಇತ್ತು. ಅಲ್ಲಿಯ ಲ್ಯಾಬಿನಲ್ಲಿ ನಾನು ಆಯಾ ಕೆಲಸ ಮಾಡುತ್ತಿದ್ದೆ. ಕೊಳವೆ ತೊಳೆಯುವುದು, ನೆಲ ಒರೆಸುವುದು, ರಕ್ತ ನೋಡಿ ತಲೆ ತಿರುಗಿ ಬಿದ್ದ ಗಂಡಸರ ಮುಖಕ್ಕೆ ನೀರು ಚಿಮುಕಿಸುವುದು. ಮೂರನೆಯದು ನಾವು ಅಂದುಕೊಳ್ಳುವುದಕ್ಕಿಂತ ಹೆಚ್ಚು ಇರುತ್ತಿತ್ತು. ಹೊಸಪೇಟೆ, ಕಂಪ್ಲಿ ಕಡೆ ಕಾಲುವೆ ನೀರು ಹರಿದು ಜನ ಭತ್ತ, ಕಬ್ಬು ಬೆಳೆದು ಹೊಟ್ಟೆ ಬೆಳೆಸಿಕೊಂಡಿದ್ದ ಕಾಲ ಅದು. ಗುಡ್ಡದ ಮೇಲಿದ್ದ ನಮಗೆ ಕಾಲುವೆ ಏರಿ ಬರಲಿಲ್ಲ, ಕಂಪನಿ ಬಂತು.

ನನ್ನ ದೊಡ್ಡ ಮಗ ಅದೇ ಗಣಿಯಲ್ಲಿ ಲೋಡರ್. ಅದಿರಿನ ಗಟ್ಟಿಗಳನ್ನು ಪುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು, ಹಲಗೆ ಏರಿ ಲಾರಿಗೆ ಸುರಿಯುವ ಕೆಲಸ. ಯಂತ್ರ ಬಂದಿತ್ತು, ಆದರೆ ಎಲ್ಲ ಕಡೆಗೂ ಬಂದಿರಲಿಲ್ಲ. ಮನುಷ್ಯ ಅಗ್ಗ ಇದ್ದ ಕಡೆ ಅದು ತಡವಾಗಿಯೇ ಬರುತ್ತದೆ.

ಒಂದು ವರ್ಷ ನಮ್ಮ ಲ್ಯಾಬಿಗೆ ಹೊಸ ಪರೀಕ್ಷೆ ಬಂತು. ಹೆಸರು ಸಿ.ಪಿ.ಕೆ. ಐಸಿನ ಡಬ್ಬಿಯಲ್ಲಿ ಔಷಧಿಯ ಸಣ್ಣ ಸಣ್ಣ ಬಾಟಲಿಗಳು ಬಸ್ಸಿನಲ್ಲಿ ಬಂದವು. ಎದೆನೋವು ಎಂದು ಬಂದವರ ರಕ್ತದಲ್ಲಿ ಇದನ್ನು ನೋಡಿದರೆ ಹೃದಯಕ್ಕೆ ಪೆಟ್ಟು ಬಿದ್ದಿದೆಯೋ ಇಲ್ಲವೋ ತಿಳಿಯುತ್ತದೆ ಎಂದು ದೊಡ್ಡ ಡಾಕ್ಟರು ಎಲ್ಲರೆದುರು ಹೇಳಿದರು. ಅವರು ಆಸ್ಪತ್ರೆಗೆ ಮುಖ್ಯಸ್ಥರು. ಹೊಸದು ಏನೇ ಬಂದರೂ ತಾವೇ ಹೆತ್ತಂತೆ ಮಾತಾಡುವುದು ಅವರ ಪದ್ಧತಿ.

ಲ್ಯಾಬಿನ ಡಾಕ್ಟರಮ್ಮ ಬೇರೆ. ಮೈಸೂರು ಕಡೆಯವಳು, ಚಿಕ್ಕ ವಯಸ್ಸು, ಹಟದ ಹುಡುಗಿ. ಡಬ್ಬಿಯೊಳಗಿನ ಚೀಟಿಯಲ್ಲಿ ಇಷ್ಟರಿಂದ ಇಷ್ಟರವರೆಗೆ ನಾರ್ಮಲ್ ಎಂದು ಅಚ್ಚು ಹಾಕಿದ್ದರು. ಅದು ಯಾವುದೋ ಬಿಳಿಯರ ಊರಿನ ಜನರ ಲೆಕ್ಕ, ನಮ್ಮ ಯಂತ್ರ ಬೇರೆ, ನಮ್ಮ ಜನ ಬೇರೆ, ನಮ್ಮ ಲೆಕ್ಕ ನಾವೇ ತೆಗೆಯಬೇಕು ಎಂದು ಆಕೆ ಕೂತಳು. ಹೇಗೆ ತೆಗೆಯುತ್ತೀರಿ ಎಂದು ನಾನು ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳದೆ ಹೇಳಿದಳು. ರೋಗವಿಲ್ಲದ ನೂರಿಪ್ಪತ್ತು ಜನರ ರಕ್ತ ತೆಗೆಯುವುದು. ಎಲ್ಲರ ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆಯುವುದು. ಕೆಳಗಿನಿಂದ ಮೂರನೆಯದು ಒಂದು ಗೆರೆ, ಮೇಲಿನಿಂದ ಮೂರನೆಯದು ಇನ್ನೊಂದು ಗೆರೆ. ನಡುವೆ ಇದ್ದದ್ದು ನಾರ್ಮಲ್.

“ಗೆರಿ ಆಚೆ ಬಿದ್ದೋರಿಗೂ ರೋಗ ಇಲ್ಲ ಅಂತ ನೋಡೇ ತೊಗೊಂಡಿರ್ತೀರಲ್ರಿ, ಅವ್ರನ್ನ ಯಾಕ ಹೊರಗ ಹಾಕ್ತೀರಿ?” ಎಂದೆ.

“ಎಲ್ಲೋ ಒಂದು ಕಡೆ ಗೆರೆ ಎಳೀಲೇಬೇಕಲ್ಲ ಆಯಮ್ಮ. ಗೆರೆ ದಾಟಿದ ಮಾತ್ರಕ್ಕೆ ರೋಗ ಅಂತಲ್ಲ, ಇನ್ನೊಂದು ಸಲ ಸರಿಯಾಗಿ ನೋಡಿ ಅಂತ ಅಷ್ಟೆ” ಎಂದಳು.

ಈ ಮಾತನ್ನು ಆಕೆ ದೊಡ್ಡ ಡಾಕ್ಟರಿಗೂ ಹೇಳಿದ್ದಳಂತೆ. ಅವರ ಕಿವಿಗೆ ಹೋದದ್ದು ಗೆರೆ ಮಾತ್ರ.

ಹೆಂಗಸರದ್ದು ಗಂಡಸರಿಗಿಂತ ಕಡಿಮೆ ಇರುತ್ತದೆ, ಬೇರೆ ಲೆಕ್ಕ ಮಾಡಬೇಕು, ಆದ್ದರಿಂದ ಮೊದಲು ಗಂಡಸರದ್ದು ಎಂದು ತೀರ್ಮಾನವಾಯಿತು. ಹೆಂಗಸರ ಸರದಿ ಆಮೇಲೆ. ಅದು ಎಲ್ಲಿಯೂ ಹಾಗೇ.

ಇನ್ನು ಆರೋಗ್ಯವಂತ ಗಂಡಸರು ಬೇಕು. ಡಾಕ್ಟರಮ್ಮ ಗಣಿಯೊಳಗಿನವರೂ ಬರಲಿ ಎಂದಳು. ಅವರ ಶಿಫ್ಟು ಕೆಡುತ್ತದೆ, ಕೆಂಪು ಧೂಳಿನ ಕಾಲಿನಲ್ಲಿ ಆಸ್ಪತ್ರೆಯೆಲ್ಲ ಹೊಲಸಾಗುತ್ತದೆ, ಆಫೀಸಿನವರು ಇಲ್ಲೇ ಪಕ್ಕದಲ್ಲಿದ್ದಾರೆ, ಕರೆದರೆ ನಡೆದು ಬರುತ್ತಾರೆ ಎಂದರು ದೊಡ್ಡ ಡಾಕ್ಟರು. ಆಕೆ ಎರಡು ದಿನ ವಾದ ಮಾಡಿ ಸುಮ್ಮನಾದಳು. ನಡೆದು ಬರುತ್ತಾರೆ ಎಂದದ್ದು ಮಾತ್ರ ಸುಳ್ಳು. ಅಕೌಂಟ್ಸಿನ ದೊಡ್ಡ ಸಾಹೇಬರು ಅಷ್ಟು ದೂರಕ್ಕೂ ಜೀಪು ತರಿಸಿದರು.

ಬಂದವರು ಯಾರು? ಗುಮಾಸ್ತರು, ಸ್ಟೋರಿನವರು, ಟೈಪಿಸ್ಟರು, ಸ್ಕೂಲಿನ ಮಾಸ್ತರರು. ಡಾಕ್ಟರಮ್ಮ ಒಬ್ಬೊಬ್ಬರನ್ನೂ ಕೂರಿಸಿ ಕೇಳುತ್ತಿದ್ದಳು. ಜ್ವರ ಇದೆಯೆ, ಸಕ್ಕರೆ ಕಾಯಿಲೆ ಇದೆಯೆ, ಕುಡಿಯುತ್ತೀರಾ, ಇತ್ತೀಚೆಗೆ ಮೈಗೆ ಸೂಜಿ ಚುಚ್ಚಿಸಿಕೊಂಡಿರಾ. ಕೊನೆಯದಕ್ಕೆ ಅರ್ಧ ಜನ ಹೌದೆಂದರು. ಶಕ್ತಿ ಬರಲಿ ಎಂದು ವಾರಕ್ಕೊಂದು ಇಂಜೆಕ್ಷನ್ ಹಾಕಿಸಿಕೊಳ್ಳುವ ಚಟ ಆಗ ನಮ್ಮ ಆಫೀಸಿನವರಿಗೆ ಹತ್ತಿತ್ತು. ಸೊಂಟದ ಮಾಂಸಕ್ಕೆ ಸೂಜಿ ಹೋದರೂ ಈ ಸಂಖ್ಯೆ ಏರುತ್ತದಂತೆ, ಅವರನ್ನೆಲ್ಲ ಆಕೆ ವಾಪಸು ಕಳಿಸಿದಳು. ಕುಡಿಯುತ್ತೀರಾ ಎಂಬುದಕ್ಕೆ ಎಲ್ಲರೂ ಇಲ್ಲವೆಂದರು. ಆ ಲೆಕ್ಕ ನಂಬಿದರೆ ಸಂಡೂರಿನ ಹೆಂಡದಂಗಡಿಗಳಿಗೆ ದೆವ್ವಗಳೇ ಗಿರಾಕಿಗಳು ಇರಬೇಕು.

ಕುರ್ಚಿಯಿಂದ ಎದ್ದರೆ ಏದುಸಿರು ಬಿಡುವವರು, ಫೈಲು ಎತ್ತಲು ಜವಾನನನ್ನು ಕೂಗುವವರು, ಅಂಥವರ ರಕ್ತದಿಂದ ಆರೋಗ್ಯ ಎಂದರೆ ಏನು ಎಂಬುದು ತೀರ್ಮಾನವಾಯಿತು. ಗೆರೆ ಬಿತ್ತು. ದೊಡ್ಡ ಡಾಕ್ಟರು ಅದನ್ನು ಟೈಪು ಮಾಡಿಸಿ, ಗಾಜು ಹಾಕಿಸಿ, ಗೋಡೆಗೆ ಹೊಡೆಸಿದರು. ಗಾಜು ಒರೆಸುವ ಕೆಲಸ ನನಗೆ ಬಂತು.

ಆ ಗೆರೆ ಮೊದಲು ಹಿಡಿದದ್ದು ನನ್ನ ಮಗನನ್ನೇ.

ಪುಟ್ಟಿ ಎತ್ತುವಾಗ ಎಡಗಡೆ ಪಕ್ಕೆಯಲ್ಲಿ ಛಳಕು ಹೊಡೆಯಿತೆಂದು ಅವನನ್ನು ಮೇಸ್ತ್ರಿಯೇ ಕರೆತಂದ. ಇ.ಸಿ.ಜಿ. ಎಂಬ ಎದೆಯ ಪಟ್ಟಿ ತೆಗೆದು ನೋಡಿದರು, ಏನೂ ಇಲ್ಲ. ರಕ್ತ ತೆಗೆದರು. ಸಿ.ಪಿ.ಕೆ. ಮೇಲಿನ ಗೆರೆಯ ಎರಡರಷ್ಟಕ್ಕಿಂತ ಹೆಚ್ಚು. ಹೃದಯದ್ದು ಬೇರೆ, ಮೈ ಮಾಂಸದ್ದು ಬೇರೆ ಎಂದು ಬಿಡಿಸಿ ಹೇಳುವ ಪರೀಕ್ಷೆ ಆಗ ನಮ್ಮಲ್ಲಿ ಇರಲಿಲ್ಲ. ದೊಡ್ಡ ಡಾಕ್ಟರು ಗೋಡೆ ನೋಡಿದರು, ಚೀಟಿ ನೋಡಿದರು, ಮಗನ ಮುಖ ನೋಡಲಿಲ್ಲ. ಹಾರ್ಟು ಎಂದರು. ಮಲಗಿಸಿದರು. ಮರುದಿನ ಮತ್ತೆ ಎದೆಯ ಪಟ್ಟಿ ತೆಗೆದರು, ಮತ್ತೆ ಏನೂ ಇಲ್ಲ. ನೋವು ಎರಡು ದಿನಕ್ಕೆ ಬಿಟ್ಟು, ಕೆಮ್ಮಿದಾಗ ಮಾತ್ರ ಹಿಡಿಯುತ್ತಿತ್ತು. ಆದರೂ ಅವರು ಪಟ್ಟು ಬಿಡಲಿಲ್ಲ. ಭಾರದ ಕೆಲಸಕ್ಕೆ ಇವನು ಆಗುವುದಿಲ್ಲ, ಮೆಡಿಕಲ್ ಬೋರ್ಡಿಗೆ ಬರೆಯುತ್ತೇನೆ, ಅಲ್ಲಿಯವರೆಗೆ ರಜೆ ಎಂದರು.

ಲೋಡರನಿಗೆ ಭಾರದ ಕೆಲಸ ಬಿಟ್ಟು ಬೇರೆ ಕೆಲಸ ಎಲ್ಲಿಯದು? ಬೋರ್ಡು ಆಗುವುದಿಲ್ಲ ಎಂದರೆ ಕೆಲಸ ಹೋದಂತೆಯೇ. ಕೆಲಸದ ಜೊತೆ ಕ್ವಾರ್ಟರ್ಸೂ.

ಸುದ್ದಿ ಕೇಳಿ ಕಂಪ್ಲಿಯಿಂದ ಬೀಗರು ಬಂದರು. ಸೊಸೆಯ ಅಪ್ಪ. ಕಾಲುವೆ ಕೆಳಗೆ ಭತ್ತದ ಗದ್ದೆ ಇರುವ ಮನುಷ್ಯ, ಬೂಟು ಬಿಡದೆ ಒಳಗೆ ಬರುವವರು. ಅಳಿಯ ಬಂದು ನಮ್ಮಲ್ಲಿ ಆರಾಮ ಮಾಡಲಿ, ಬೋರ್ಡು ಏನಾದರೂ ಹೇಳಲಿ, ನಮ್ಮ ಮನೆಯಲ್ಲಿ ಅನ್ನಕ್ಕೆ ಕೊರತೆಯೆ ಎಂದು ಹೇಳಿ ಕರೆದುಕೊಂಡೇ ಹೋದರು. ಸೊಸೆ ಟ್ರಂಕಿಗೆ ಹಾಕಿದ್ದು ನಾಲ್ಕು ದಿನದ ಬಟ್ಟೆಯಲ್ಲ, ಎಲ್ಲ ಬಟ್ಟೆ. ನಾನು ನೋಡಿದೆ, ಆಕೆಯೂ ನಾನು ನೋಡಿದ್ದನ್ನು ನೋಡಿದಳು. ಮಗ ಮನೆ ಅಳಿಯನಾಗಿ ಮಾವನ ಜಗಲಿ ಮೇಲೆ ಕೂತು ತಿನ್ನುವುದು ನನಗೆ ಒಪ್ಪಿಗೆ ಇರಲಿಲ್ಲ. ಅವನಿಗೂ ಇರಲಿಲ್ಲ, ಆದರೆ ಹಾರ್ಟು ಎಂದಮೇಲೆ ಅವನ ಮಾತು ಯಾರು ಕೇಳುತ್ತಾರೆ?

ಆ ತಿಂಗಳಲ್ಲೇ ಇನ್ನೂ ಒಂದಷ್ಟು ಲೋಡರುಗಳು ಅದೇ ಗೆರೆಗೆ ಸಿಕ್ಕಿಬಿದ್ದರು. ಬೆನ್ನು ನೋವೆಂದು ಬಂದವನು, ಹೊಟ್ಟೆ ಉಬ್ಬರ ಎಂದು ಬಂದವನು, ಎಲ್ಲರದ್ದೂ ಹೆಚ್ಚೇ. ಈ ಗುಡ್ಡದ ಕೂಲಿಗಳಿಗೆ ಹೃದಯದ ರೋಗ ಬಹಳ ಇದೆ, ಇದನ್ನು ದೊಡ್ಡ ಊರಿನ ಡಾಕ್ಟರುಗಳ ಸಭೆಯಲ್ಲಿ ಓದುತ್ತೇನೆ ಎಂದು ದೊಡ್ಡ ಡಾಕ್ಟರು ಸಂಭ್ರಮಪಟ್ಟರು. ಡಾಕ್ಟರಮ್ಮ ಅಂದು ಅವರ ಕೋಣೆಗೆ ಹೋಗಿ ಬಾಗಿಲು ಹಾಕದೇ ಮಾತಾಡಿದಳು. ಮೈ ದುಡಿದರೆ ಮಾಂಸದಿಂದ ಈ ಪದಾರ್ಥ ರಕ್ತಕ್ಕೆ ಸೋರುತ್ತದೆ, ದಿನಾ ಭಾರ ಹೊರುವವರದ್ದು ದಿನಾ ಹೆಚ್ಚೇ ಇರುತ್ತದೆ, ಕುರ್ಚಿಯವರ ಗೆರೆಯನ್ನು ಪುಟ್ಟಿಯವರ ಮೇಲೆ ಎಳೆದರೆ ಇಡೀ ಗಣಿಯೇ ರೋಗಿಷ್ಟ. ಆರೋಗ್ಯವಾಗಿರುವ ಲೋಡರುಗಳ ಲೆಕ್ಕ ಬೇರೆ ತೆಗೆಯಲು ಬಿಡಿ, ಬೋರ್ಡಿಗಿಂತ ಮುಂಚೆ ಕೊಡುತ್ತೇನೆ ಎಂದಳು. ನಿಮ್ಮ ಔಷಧಿ, ನಿಮ್ಮ ಸಮಯ, ಏನಾದರೂ ಮಾಡಿಕೊಳ್ಳಿ ಎಂದರು ಅವರು.

ನನ್ನ ಮಗನ ಅನ್ನ ಈಗ ಆ ಲೆಕ್ಕದ ಮೇಲೆ ನಿಂತಿತ್ತು. ಕೊಳವೆಗಳನ್ನು ನಾನು ಎಂದೂ ಅಷ್ಟು ಚೊಕ್ಕ ತೊಳೆದಿರಲಿಲ್ಲ.

ಶಿಫ್ಟು ಹತ್ತುವ ಮೊದಲು ಹಾಜರಿ ಹಾಕುವ ಶೆಡ್ಡಿನಲ್ಲೇ ರಕ್ತ ತೆಗೆಯುವುದೆಂದು ನಮ್ಮ ಲ್ಯಾಬಿನ ಟೆಕ್ನಿಷಿಯನ್ ಜೀಪಿನಲ್ಲಿ ಹೋಗಿಬಂದ. ಅವನಿಗೆ ಲೋಡರುಗಳ ಮುಖ ಪರಿಚಯ ಇರಲಿಲ್ಲ. ಕೆಂಪು ಧೂಳು ಮೆತ್ತಿಕೊಂಡು, ತಲೆಗೆ ಟವೆಲ್ಲು ಸುತ್ತಿಕೊಂಡು ನಿಂತರೆ ಅವರ ಮುಖ ಹೆಂಡತಿಯರಿಗೂ ಗುರುತು ಸಿಗುವುದಿಲ್ಲ. ಹೆಸರು ಕೂಗಿದ, ಕೈ ಚಾಚಿದರು, ತೆಗೆದ. ಯಾರೂ ತಲೆ ತಿರುಗಿ ಬೀಳಲಿಲ್ಲ ಎಂದು ಬಂದು ಹೊಗಳಿದ.

ಸಂಖ್ಯೆಗಳನ್ನು ಸಾಲಾಗಿ ಬರೆದಾಗ ಡಾಕ್ಟರಮ್ಮನ ಹುಬ್ಬು ಗಂಟಿಕ್ಕಿತು. ಹೆಚ್ಚಿನವರದ್ದು ಆಫೀಸಿನವರಿಗಿಂತ ಮೇಲೆ, ಅದು ಆಕೆ ಹೇಳಿದಂತೆಯೇ. ಆದರೆ ಸಾಲಿನ ತುದಿಯಲ್ಲಿ ಹನ್ನೊಂದು ಜನ, ಎಲ್ಲರಿಗಿಂತ ಎಷ್ಟೋ ಮೇಲೆ, ಒಂದಕ್ಕೊಂದು ಅಂಟಿಕೊಂಡಂತೆ ಒಂದೇ ಸಂಖ್ಯೆಯ ಆಚೆ ಈಚೆ. ಯಂತ್ರ ಕೆಟ್ಟಿತೆಂದುಕೊಂಡಳು. ಎಷ್ಟು ಬರಬೇಕೆಂದು ಮೊದಲೇ ಗೊತ್ತಿರುವ ಸೀರಮ್ ಒಂದು ಇರುತ್ತದೆ, ಅದನ್ನು ಹಾಕಿ ನೋಡಿದಳು, ಸರಿಯಾಗಿ ಬಂತು. ಅದೇ ಹನ್ನೊಂದು ಕೊಳವೆಗಳನ್ನು ಮತ್ತೆ ನೋಡಿದಳು, ಮತ್ತೆ ಅದೇ. ಆಮೇಲೆ ಏನೋ ಹೊಳೆದು ಹನ್ನೊಂದರ ರಕ್ತದ ಗುಂಪು ನೋಡಿದಳು. ಹನ್ನೊಂದೂ ಎಬಿ. ನೂರು ಜನರಲ್ಲಿ ಕೆಲವರಿಗೆ ಮಾತ್ರ ಇರುವ ಗುಂಪು, ಹನ್ನೊಂದಕ್ಕೆ ಹನ್ನೊಂದು.

ಮೇಸ್ತ್ರಿಯನ್ನು ಕರೆದುಕೊಂಡು ಬಾ ಎಂದು ನನ್ನನ್ನು ಕಳಿಸಿದಳು. ಅವನು ನಮ್ಮ ಓಣಿಯವನೇ, ನನಗೆ ಅಕ್ಕ ಎನ್ನುವವನು. ದಾರಿಯಲ್ಲೇ ಬಾಯಿ ಬಿಡಿಸಿದೆ. ಕಂಪನಿ ಆಳು ಕಡಿಮೆ ಮಾಡಲಿಕ್ಕೆ ರಕ್ತ ನೋಡುತ್ತಿದೆ ಎಂದು ಸುದ್ದಿ ಹಬ್ಬಿತ್ತಂತೆ. ನನ್ನ ಮಗನದು ಹಾಗೇ ಆಯಿತಲ್ಲ, ಅವರ ಹೆದರಿಕೆ ಸುಳ್ಳಲ್ಲ. ಕೆಲಸಕ್ಕೆ ಸೇರುವಾಗಿನ ಮೆಡಿಕಲ್ಲಿಗೆ ಸೊರಗಿದವನ ಬದಲು ಗಟ್ಟಿಯಾದ ತಮ್ಮನನ್ನು ನಿಲ್ಲಿಸುವುದು ನಮ್ಮಲ್ಲಿ ಮೊದಲಿನಿಂದ ಇತ್ತು. ಈಗಲೂ ಹಾಗೇ ಮಾಡಿದರು. ಹೆದರಿಕೊಂಡ ಹತ್ತು ಜನರ ಬದಲು ಒಬ್ಬನೇ ಹತ್ತು ಸಲ ಕೈ ಚಾಚಿದ, ತನ್ನದೊಂದು ಬೇರೆ. ಅವನು ಲೋಡರುಗಳಲ್ಲೇ ಪೈಲ್ವಾನ, ಗರಡಿಯಲ್ಲಿ ಸಾಮು ಮಾಡಿ ಬಂದು ಪುಟ್ಟಿ ಹೊರುವವನು. ಒಂದು ಸಲ ಟವೆಲ್ಲು ತಲೆಗೆ, ಒಂದು ಸಲ ಕೊರಳಿಗೆ, ಒಂದು ಸಲ ಎಡಗೈ, ಒಂದು ಸಲ ಬಲಗೈ.

ಡಾಕ್ಟರಮ್ಮನ ಮುಂದೆ ಮೇಸ್ತ್ರಿ ನಾಚಲಿಲ್ಲ.

“ಆರೋಗ್ಯ ಇದ್ದೋರ ರಕ್ತ ಬೇಕಂದ್ರಿ ಅಮ್ಮಾರ. ಅವನಷ್ಟು ಆರೋಗ್ಯ ಈ ಗುಡ್ಡದಾಗ ಯಾರಿಗೂ ಇಲ್ಲ. ಕಡಿಮಿ ಮಾಲು ಕೊಟ್ಟಿಲ್ಲ ನಾವು.”

“ನಿಮ್ಮ ಪೈಲ್ವಾನರ ರಕ್ತವನ್ನ ಹೆಸರು ಹೇಳದೆ ದೊಡ್ಡ ಡಾಕ್ಟರ ಕೈಗೆ ಕೊಟ್ಟರೆ ಇವತ್ತೇ ಐಸಿಯುನಲ್ಲಿ ಮಲಗಿಸ್ತಾರೆ, ಗೊತ್ತಾ?” ಎಂದಳು ಆಕೆ.

ಮೇಸ್ತ್ರಿ ಬಾಯಿ ತೆರೆದುಕೊಂಡು ನಿಂತ. ಗಟ್ಟಿ ಆಳಿನ ಸಂಖ್ಯೆ ಚೆನ್ನಾಗಿ ಕೆಳಗೆ ಬರುತ್ತದೆಂದು ಅವರು ಲೆಕ್ಕ ಹಾಕಿದ್ದರು. ಎಲ್ಲರಿಗಿಂತ ಮೇಲೆ ಹೋಗಿ ಕೂತಿತ್ತು.

ಅವನು ಹೋದ ಮೇಲೆ ನಾನು ಆಕೆಗೆ ಸೀದಾ ಹೇಳಿದೆ. ಆ ಹನ್ನೊಂದು ಹಾಗೇ ಇರಲಿ, ಮೇಲಿನ ಗೆರೆ ಆಕಾಶಕ್ಕೆ ಹೋಗುತ್ತದೆ, ನನ್ನ ಮಗ ಕೆಳಗೆ ಆರಾಮ ನಿಲ್ಲುತ್ತಾನೆ, ದೊಡ್ಡ ಡಾಕ್ಟರಿಗೆ ಟೈಪಾಗಿ ಬಂದದ್ದೆಲ್ಲ ವೇದ. ನನಗೆ ಇದರಲ್ಲಿ ನಾಚಿಕೆ ಏನೂ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ಗುಮಾಸ್ತರ ಲೆಕ್ಕದಲ್ಲಿ ನನ್ನ ಮಗನನ್ನು ಹಾಳು ಮಾಡಬಹುದಾದರೆ ಪೈಲ್ವಾನನ ಲೆಕ್ಕದಲ್ಲಿ ಯಾಕೆ ಉಳಿಸಬಾರದು?

“ನಾಳೆ ನಿಮ್ಮ ಮಗನಿಗೇ ನಿಜವಾಗಿ ಹೃದಯ ಹಿಡಿದು ಬಂದರೆ? ಗೆರೆ ಅಷ್ಟು ಮೇಲಿದ್ದರೆ ನಾರ್ಮಲ್ ಅಂತ ಹೇಳಿ ಪುಟ್ಟಿ ಹೊರೋಕೆ ಕಳಿಸಿಬಿಡ್ತೀವಿ” ಎಂದಳು.

ಆ ಮಾತು ಸರಿ ಇತ್ತು. ಸರಿ ಇದ್ದದ್ದಕ್ಕೇ ಸಿಟ್ಟು ಬಂತು. ಪೈಲ್ವಾನನದು ಒಂದು ಉಳಿಸಿಕೊಂಡು ಹತ್ತನ್ನು ಆಕೆ ಹೊಡೆದು ಹಾಕಿದಳು. ಬೋರ್ಡಿಗೆ ಹೆಚ್ಚು ದಿನ ಉಳಿದಿರಲಿಲ್ಲ, ನೂರಿಪ್ಪತ್ತು ತುಂಬಲು ಇನ್ನೂ ಹತ್ತು ಜನ ಬೇಕು.

ಈ ಸಲ ಜನ ಬಂದರು, ಬೇಕಾದ್ದಕ್ಕಿಂತ ಹೆಚ್ಚೇ ಬಂದರು. ಯಾಕೆಂದರೆ ಹೆಚ್ಚು ಸಂಖ್ಯೆ ಎಂದರೆ ಹೆಚ್ಚು ಗಂಡಸುತನ ಎಂದು ಮೇಸ್ತ್ರಿ ಓಣಿ ತುಂಬ ಹೇಳಿಬಿಟ್ಟಿದ್ದ. ಪೈಲ್ವಾನನನ್ನು ಸೋಲಿಸಬೇಕೆಂದು ಕೆಲವರು ಹಿಂದಿನ ದಿನವೆಲ್ಲ ಗರಡಿಯಲ್ಲಿ ಬಸ್ಕಿ ಹೊಡೆದು, ಕಾಲು ಮಡಚಲಾಗದೆ ಗೋಡೆ ಹಿಡಿದು ನಡೆದುಕೊಂಡು ಬಂದರು. ಡಾಕ್ಟರಮ್ಮ ಈ ಸಲ ಶೆಡ್ಡಿಗೆ ತಾನೇ ಹೋಗಿದ್ದಳು. ದಿನದ ಕೆಲಸ ದಿನದಷ್ಟೇ ಮಾಡಿದವರು ಬೇಕು, ಮೆರವಣಿಗೆ ಮಾಡಿಕೊಂಡು ಬಂದವರು ಬೇಡ ಎಂದು ಗೋಡೆ ಹಿಡಿದವರನ್ನೆಲ್ಲ ಮನೆಗೆ ಕಳಿಸಿದಳು. ಆಫೀಸಿನವರು ಸುಳ್ಳು ಹೇಳಿ ಆರೋಗ್ಯವಂತರಾದರು, ನಮ್ಮವರು ಬಸ್ಕಿ ಹೊಡೆದು ರೋಗಿಷ್ಟರಾಗಲು ನಿಂತರು. ಗಂಡಸರನ್ನು ಅಳೆಯುವುದು ಸುಲಭದ ಕೆಲಸವಲ್ಲ.

ಲೆಕ್ಕ ಮುಗಿಯಿತು. ಲೋಡರುಗಳ ಮೇಲಿನ ಗೆರೆ ಆಫೀಸಿನವರ ಗೆರೆಗಿಂತ ಎರಡು ಪಟ್ಟು ದಾಟಿತ್ತು. ಮಗನ ಹಳೆಯ ಸಂಖ್ಯೆ ಅದರೊಳಗೆ ಬಿತ್ತು, ಗೆರೆಗೆ ಹೆಗಲು ತಾಕಿಸಿಕೊಂಡು.

ಬೋರ್ಡಿನ ದಿನ ಹೊರಗಿನಿಂದ ಇಬ್ಬರು ಡಾಕ್ಟರುಗಳು ಬಂದರು. ಕಂಪ್ಲಿಯಿಂದ ಬೀಗರು ಮಗನನ್ನೂ ಸೊಸೆಯನ್ನೂ ಕರೆತಂದರು. ಬೆಳಿಗ್ಗೆ ಮತ್ತೆ ರಕ್ತ ತೆಗೆದರು, ಮತ್ತೆ ಎದೆಯ ಪಟ್ಟಿ. ಪಟ್ಟಿಯಲ್ಲಿ ಏನೂ ಇಲ್ಲ, ನೋವೂ ಇಲ್ಲ. ಸಿ.ಪಿ.ಕೆ. ಮಾತ್ರ ಮೊದಲಿದ್ದಷ್ಟೇ. ದೊಡ್ಡ ಡಾಕ್ಟರ ಮುಖ ಅರಳಿತು. ಹೃದಯಕ್ಕೆ ಪೆಟ್ಟಾದರೂ ಈ ಸಂಖ್ಯೆ ಕೆಲವು ದಿನಕ್ಕೆ ಇಳಿಯಲೇಬೇಕು, ವಾರಗಟ್ಟಲೆ ಆರಾಮ ಮಾಡಿದರೂ ಇಳಿದಿಲ್ಲ, ಇವನಿಗೆ ಇನ್ನೂ ದೊಡ್ಡದೇನೋ ಇದೆ ಎಂದರು. ಡಾಕ್ಟರಮ್ಮ ತನ್ನ ಲೆಕ್ಕದ ಹಾಳೆಯನ್ನು ತಿರುವಿ ತಿರುವಿ ನೋಡಿದಳು. ಆರಾಮದಲ್ಲಿದ್ದವನದು ಇಳಿಯಬೇಕಾಗಿತ್ತು, ಆಕೆಯ ಲೆಕ್ಕದಲ್ಲೂ. ಬಾಗಿಲ ಬಳಿ ನಿಂತಿದ್ದ ನಾನು ಒಂದು ಹೆಜ್ಜೆ ಒಳಗೆ ಬಂದೆ.

ಹೊರಗಿನಿಂದ ಬಂದ ಹಿರಿಯ ಡಾಕ್ಟರೊಬ್ಬರು ಮಗನನ್ನು ಹತ್ತಿರ ಕರೆದು, ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು ಕೇಳಿದರು. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಮಗ ಮಾವನ ಕಡೆ ನೋಡಿದ. ಮಾವ ಕಿಟಕಿಯ ಕಡೆ ನೋಡಿದರು.

“ಸುಗ್ಗಿ ಇತ್ತಲ್ರೀ. ಚೀಲ ಹೊತ್ತೆ.”

“ಎಂಥ ಚೀಲ?”

“ಭತ್ತದ್ದು ರೀ. ಕಣದಿಂದ ಟ್ರ್ಯಾಕ್ಟರಿಗೆ, ಟ್ರ್ಯಾಕ್ಟರಿಂದ ಗೋದಾಮಿಗೆ. ಆರಾಮ ಮಾಡು ಅಂದ್ರು, ಸುಮ್ನ ಕುಂದ್ರೋದ್ಯಾಕ ಅಂತಲೂ ಅಂದ್ರು. ನಿನ್ನಿ ಸಂಜಿತನಕ ಹೊತ್ತೇನಿ. ಎದಿ ಒಂದಿನಾನೂ ನೋಯ್ಲಿಲ್ರೀ.”

ಹಿರಿಯ ಡಾಕ್ಟರು ನಕ್ಕು, ಡಾಕ್ಟರಮ್ಮನ ಹಾಳೆಯನ್ನು ಹತ್ತಿರ ಎಳೆದುಕೊಂಡರು. ಎರಡು ಗೆರೆಗಳನ್ನೂ ನೋಡಿದರು, ಹೇಗೆ ತೆಗೆದಿರಿ ಎಂದು ಕೇಳಿದರು, ಪೈಲ್ವಾನನ ಕತೆಯನ್ನೂ ಆಕೆ ಬಿಡದೆ ಹೇಳಿದಳು. ಭಾರ ಹೊತ್ತಾಗ ಇಷ್ಟಿರುವುದೇ ಇವನ ವಾಡಿಕೆ, ನೋವಿದ್ದ ದಿನವೂ ಇಷ್ಟೇ, ನೋವಿಲ್ಲದ ದಿನವೂ ಇಷ್ಟೇ, ತನ್ನಂಥ ಕೆಲಸದವರ ಗೆರೆಯೊಳಗೇ ಇದ್ದಾನೆ, ಪಟ್ಟಿಯೂ ಸರಿ ಇದೆ, ಅಂದು ಹಿಡಿದದ್ದು ಪಕ್ಕೆಯ ಮಾಂಸ ಎಂದು ತೀರ್ಮಾನ ಬರೆದರು. ದೊಡ್ಡ ಡಾಕ್ಟರು ನಾನೂ ಹಾಗೆಯೇ ಅಂದುಕೊಂಡಿದ್ದೆ, ಖಾತ್ರಿ ಮಾಡಿಕೊಳ್ಳಲಿಕ್ಕೆ ಬೋರ್ಡಿಗೆ ಬರೆದದ್ದು ಎಂದರು. ಅವರು ಸಹಿ ಹಾಕುವಾಗ ಪೆನ್ನಿನ ಮಸಿ ಮುಗಿಯಿತು, ಡಾಕ್ಟರಮ್ಮ ತನ್ನದು ಕೊಟ್ಟಳು.

ಭಾರದ ಕೆಲಸಕ್ಕೆ ಯೋಗ್ಯ ಎಂದು ಬರೆದ ಕಾಗದವನ್ನು ಮಗ ಹೊರಗೆ ತಂದು ಎಲ್ಲರಿಗೂ ಓದಿಸಿದ. ಡಾಕ್ಟರಮ್ಮನ ಕಡೆ ತಿರುಗಿ ಪೈಲ್ವಾನನದು ಎಷ್ಟು ಬಂದಿತ್ತು ಎಂದು ಕೇಳಿದ, ಆಕೆ ಹೇಳಲಿಲ್ಲ. ಸೊಸೆ ಕಂಪ್ಲಿಯಲ್ಲಿ ಬಿಟ್ಟುಬಂದ ಟ್ರಂಕಿನ ಚಿಂತೆಯಲ್ಲಿ ಮುಖ ಊದಿಸಿಕೊಂಡು ನಿಂತಿದ್ದಳು. ಬೀಗರು ಕಾಗದವನ್ನು ಎರಡು ಸಲ ಓದಿ, ಮಡಚಿ, ಮಗನ ಜೇಬಿಗೆ ತಾವೇ ಇಟ್ಟರು.

“ಛಲೋ ಆತು ಬೀಗ್ತೇರ, ಇನ್ನ ಅಂಜಿಕಿ ಇಲ್ಲ” ಎಂದರು. “ಮುಂದಿನ ಸುಗ್ಗಿಗೂ ಕಳಸ್ರಿ.”

“ಕಳಸ್ತೀನ್ರಿ ಬೀಗರ” ಎಂದೆ. “ಮೊದ್ಲು ನಿಮ್ಮ ರಕ್ತ ಒಂದೀಟು ಕೊಟ್ಟು ಹೋಗ್ರಿ. ಆಫೀಸ್ನ ಕುರ್ಚಿ ಮ್ಯಾಲ ಕುಂತೋರ ಲೆಕ್ಕದಾಗ ಒಬ್ರು ಕಡಿಮಿ ಬಿದ್ದಾರಂತ.”

ಅವರು ನಕ್ಕರೋ ಇಲ್ಲವೋ ನಾನು ನೋಡಲಿಲ್ಲ. ಮಗ ಆಗಲೇ ಎರಡನೇ ಶಿಫ್ಟಿನ ಬಸ್ಸು ಹತ್ತಿದ್ದ.